ಮೈಲ್‌ಸ್ಟೋನ್ ಎರಡು ವಾರ ತಡ: ಕ್ಲೈಂಟ್‌ಗೆ ಬರೆಯುವ ಮೇಲ್, ಹೊಸ ಯೋಜನೆ, ಟ್ರ್ಯಾಕರ್ ಪುರಾವೆ

"ಮೈಲ್‌ಸ್ಟೋನ್ ಎರಡು ವಾರ ಮುಂದಕ್ಕೆ ಹೋಗ್ತಿದೆ, ಕ್ಲೈಂಟ್‌ಗೆ ಹೇಗೆ ಬರೆಯೋದು?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಹೆಚ್ಚಿನವರಿಗೆ ಬೇಕಾಗಿರುವುದು ಕ್ಷಮೆ ಕೇಳುವ ಒಂದು ಒಳ್ಳೆಯ ವಾಕ್ಯ. ಅದಕ್ಕೆ ಒಂದು ಸಾಲು ಸಾಕು. ಇಂಥ ಮೇಲ್‌ಗಳು ಕೆಡುವುದು ಹೊಸ ದಿನಾಂಕ ಎಲ್ಲಿಂದ ಬಂತು ಎನ್ನುವುದಕ್ಕೆ ಲೆಕ್ಕ ಇಲ್ಲದಿದ್ದಾಗ. ಮೊದಲ ದಿನಾಂಕ ತಪ್ಪಿದವರು ಎರಡನೆಯದನ್ನಾದರೂ ಉಳಿಸಿಕೊಳ್ಳುತ್ತಾರೆಯೇ ಎಂಬ ಅನುಮಾನ ಕ್ಲೈಂಟ್‌ಗೆ ಬರುವುದು ಸಹಜ. ಅದಕ್ಕೆ ಉತ್ತರ ಟ್ರ್ಯಾಕರ್‌ನಲ್ಲಿದೆ. ಟ್ರ್ಯಾಕರ್ ಅಂದರೆ ಕೆಲಸವನ್ನು ಸಣ್ಣ ಸಣ್ಣ ಟಿಕೆಟ್‌ಗಳಾಗಿ ಒಡೆದು, ಯಾವುದು ಮುಗಿಯಿತು, ಯಾವುದು ಬಾಕಿ ಎಂದು ದಾಖಲಿಸುವ ತಂತ್ರಾಂಶ. ಇಲ್ಲಿ ಜಿರಾ ಹಿಡಿದು ಹೇಳುತ್ತೇನೆ. ಬೇರೆ ಟ್ರ್ಯಾಕರ್ ಬಳಸುವವರಿಗೂ ಕ್ರಮ ಇದೇ.

ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಕ್ಲೈಂಟ್‌ನ ಹಳೆಯ ವ್ಯವಸ್ಥೆಯಲ್ಲಿ 62,000 ಗ್ರಾಹಕರ ದಾಖಲೆಗಳಿವೆ. ಅವನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸುವುದು ಮೈಲ್‌ಸ್ಟೋನ್ 3, ಗಡುವು 2025ರ ಮಾರ್ಚ್ 14, ಶುಕ್ರವಾರ. ಅದಾದ ಮೇಲೆ ಮೂರು ವಾರ ಯುಎಟಿ, ಅಂದರೆ ಕ್ಲೈಂಟ್ ಕಡೆಯವರೇ ಬಳಸಿ ನೋಡಿ ಒಪ್ಪುವ ಪರೀಕ್ಷೆ. ಆಮೇಲೆ ದೋಷ ತಿದ್ದಲು ಎರಡು ವಾರ, ಏಪ್ರಿಲ್ 21ಕ್ಕೆ ಗೋ-ಲೈವ್, ಅಂದರೆ ಹೊಸ ವ್ಯವಸ್ಥೆ ನಿಜವಾದ ಬಳಕೆಗೆ ತೆರೆಯುವುದು. ಫೆಬ್ರವರಿ 26ರಂದು ಪೂರ್ತಿ ಡೇಟಾ ಹಾಕಿ ಟ್ರಯಲ್ ಲೋಡ್ ಮಾಡಿದಾಗ ಒಬ್ಬನೇ ಗ್ರಾಹಕನ ಹೆಸರಲ್ಲಿ ಎರಡೆರಡು ದಾಖಲೆ ಇರುವುದು ಕಂಡಿತು. ಫೋನ್ ನಂಬರ್ ಒಂದೇ, ವಿಳಾಸ ಬೇರೆ. ಹೀಗೆ 1,840 ಜೋಡಿಗಳು. ಹೊಸ ವ್ಯವಸ್ಥೆ ಒಂದು ನಂಬರಿಗೆ ಒಂದೇ ಖಾತೆ ಒಪ್ಪುವುದರಿಂದ ಲೋಡ್ ಅಲ್ಲೇ ನಿಂತಿತು.

## 1. ಮೊದಲು ಲೆಕ್ಕ

ತೊಂದರೆ ಕಂಡ ದಿನವೇ "ತಡವಾಗಬಹುದು" ಎಂದು ಅರ್ಧಂಬರ್ಧ ಮೇಲ್ ಕಳಿಸಬೇಡಿ. ಹಾಗೆಂದು ವಾರಗಟ್ಟಲೆ ಬಾಯಿ ಮುಚ್ಚಿಕೊಂಡೂ ಇರಬೇಡಿ. ಎರಡು ಮೂರು ಕೆಲಸದ ದಿನ ಅಳತೆಗೆ ಸಾಕು. ಫೆಬ್ರವರಿ 26ಕ್ಕೆ ಕಂಡ ತೊಂದರೆಗೆ ಮಾರ್ಚ್ 3, ಸೋಮವಾರ ಮೇಲ್ ಹೋದರೆ ಯಾರೂ ತಡವೆನ್ನುವುದಿಲ್ಲ. ಅದೇ ಮೇಲ್ ಮಾರ್ಚ್ 13ರ ಸಂಜೆ ಹೋದರೆ ಕ್ಲೈಂಟ್‌ಗೆ ಸಿಟ್ಟು ಬರುವುದು ತಡವಾದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ.

ಟ್ರ್ಯಾಕರ್‌ನಿಂದ ಮೂರು ಅಂಕಿ ತೆಗೆಯಿರಿ: ಎಷ್ಟು ಬಾಕಿ, ಅದರಲ್ಲಿ ಹೊಸದಾಗಿ ಸೇರಿದ್ದೆಷ್ಟು, ವಾರಕ್ಕೆ ಎಷ್ಟು ಮುಗಿಯುತ್ತಿದೆ. ನಮ್ಮ ಉದಾಹರಣೆಯಲ್ಲಿ ಮೊದಲ ಯೋಜನೆಯಲ್ಲಿದ್ದದ್ದು 36 ಟಿಕೆಟ್, ಮುಗಿದದ್ದು 31, ಉಳಿದದ್ದು 5. ದಾಖಲೆ ಶುದ್ಧ ಮಾಡುವ ಕೆಲಸದಿಂದ ಹೊಸದಾಗಿ ಸೇರಿದ್ದು 10. ಒಟ್ಟು ಬಾಕಿ 15. ಕಳೆದ ಮೂರು ವಾರಗಳಲ್ಲಿ ಮುಗಿದದ್ದು ಕ್ರಮವಾಗಿ 5, 6, 4. ಸರಾಸರಿ ವಾರಕ್ಕೆ 5.

ಹೊಸ 10 ಟಿಕೆಟ್ ಸೇರದಿದ್ದರೆ ಉಳಿದ 5 ಮಾರ್ಚ್ 7ಕ್ಕೆ ಮುಗಿದು, ಮುಂದಿನ ವಾರ ಕೊನೆಯ ಟ್ರಯಲ್ ಲೋಡ್ ಆಗಿ, 14ಕ್ಕೆ ಸರಿಹೋಗುತ್ತಿತ್ತು. ಈಗ 15 ಟಿಕೆಟ್‌ಗೆ ಮೂರು ವಾರ, ಅಂದರೆ ಮಾರ್ಚ್ 21. ಟ್ರಯಲ್ ಲೋಡ್ ವಾರ ಸೇರಿಸಿದರೆ ಮಾರ್ಚ್ 28. ಎರಡು ವಾರದ ತಡಕ್ಕೆ ಕಾರಣ ಈ ಹತ್ತು ಟಿಕೆಟ್‌ಗಳೇ ಎನ್ನುವುದು ಲೆಕ್ಕದಲ್ಲೇ ಕಾಣುತ್ತದೆ. ಅಂಕಿಗಳು ಹೀಗೆ ತಾಳೆಯಾಗದೆ, ಹೊಸ ಕೆಲಸ ಒಂದು ವಾರದ್ದಿದ್ದು ನೀವು ಕೇಳುತ್ತಿರುವುದು ಎರಡು ವಾರ ಎಂದಾದರೆ, ಇನ್ನೊಂದು ವಾರ ಮೊದಲೇ ಹಿಂದೆ ಬಿದ್ದಿದ್ದೀರಿ ಎಂದರ್ಥ. ಅದನ್ನೂ ಹೊಸ ತೊಂದರೆಯ ತಲೆಗೆ ಕಟ್ಟಬೇಡಿ. ಟ್ರ್ಯಾಕರ್ ನೋಡಬಲ್ಲ ಕ್ಲೈಂಟ್ ಐದು ನಿಮಿಷದಲ್ಲಿ ಹಿಡಿಯುತ್ತಾರೆ.

ಟಿಕೆಟ್ ಎಣಿಸುವ ಈ ಲೆಕ್ಕ ನಿಲ್ಲುವುದು ಟಿಕೆಟ್‌ಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದಾಗ ಮಾತ್ರ. ಹದಿನೈದರಲ್ಲಿ ಒಂದು ಟಿಕೆಟ್‌ಗೇ ಎಂಟು ದಿನ ಬೇಕೆಂದಿದ್ದರೆ ಮೊದಲು ಅದನ್ನು ಒಡೆಯಿರಿ, ಆಮೇಲೆ ಎಣಿಸಿ.

ಸರಾಸರಿಯನ್ನೇ ನಂಬಿ ಕೂರುವುದೂ ಅಪಾಯ. ಕೆಟ್ಟ ವಾರದ ವೇಗ 4. ಆ ವೇಗದಲ್ಲೇ ಹೋದರೆ ಮೂರು ವಾರಕ್ಕೆ ಮುಗಿಯುವುದು 12, ಮೂರು ಟಿಕೆಟ್ ಉಳಿದುಹೋಗುತ್ತವೆ. ಹಾಗಾಗಿ ಯುಎಟಿಗೆ ಬೇಡದ ಮೂರು ಟಿಕೆಟ್‌ಗಳನ್ನು ಈಗಲೇ ಗುರುತಿಸಿಡಿ. ಉದಾಹರಣೆಗೆ ಗ್ರಾಹಕರ ಖಾತೆಯಲ್ಲಿರುವ ಹಳೆಯ ಟಿಪ್ಪಣಿಗಳನ್ನು ತರುವ ಕೆಲಸ. ವೇಗ ಕುಸಿದರೆ ಅವನ್ನು ಕ್ಲೈಂಟ್ ಒಪ್ಪಿಗೆಯಿಂದ ಆಮೇಲಕ್ಕೆ ತಳ್ಳಬಹುದು. ಹೀಗೆ ಮಾರ್ಚ್ 28 ಕೆಟ್ಟ ವೇಗಕ್ಕೂ ತಡೆಯುವ ದಿನಾಂಕವಾಗುತ್ತದೆ.

## 2. ಟ್ರ್ಯಾಕರ್‌ನಿಂದ ಪುರಾವೆ ತೆಗೆಯುವುದು

ಹತ್ತು ಹೊಸ ಟಿಕೆಟ್‌ಗಳಿಗೂ ಒಂದೇ ಲೇಬಲ್ ಹಾಕಿ, `dup-cleanup` ಅಂತಿಟ್ಟುಕೊಳ್ಳಿ. ಪ್ರತಿ ಟಿಕೆಟ್‌ನ ವಿವರಣೆಯಲ್ಲಿ ಫೆಬ್ರವರಿ 26ರ ಟ್ರಯಲ್ ಲೋಡ್‌ನ ದೋಷ ವರದಿ ಲಗತ್ತಾಗಿರಲಿ. ನಂತರ ಈ ಮೂರು ಹುಡುಕಾಟ:

```
project = CUST AND fixVersion = "M3" AND statusCategory != Done
project = CUST AND fixVersion = "M3" AND labels = dup-cleanup
project = CUST AND fixVersion = "M3" AND resolved >= "2025-02-10" AND resolved < "2025-03-03"
```

ಮೊದಲನೆಯದು ಬಾಕಿ ಇರುವ 15ನ್ನು ತೋರಿಸಬೇಕು, ಎರಡನೆಯದು ಹೊಸ 10ನ್ನು, ಮೂರನೆಯದು ಮೂರು ವಾರಗಳಲ್ಲಿ ಮುಗಿದ 15ನ್ನು. ಮೂರನೆಯದರಲ್ಲಿ ಸಂಖ್ಯೆ ಕಡಿಮೆ ಬಂದರೆ ಗಾಬರಿ ಬೇಡ. ಟಿಕೆಟ್ Done ಆಗಿದ್ದರೂ ಅದರ `Resolution` ತುಂಬಿರದಿದ್ದರೆ `resolved` ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಕೆಲವು ತಂಡಗಳ ವರ್ಕ್‌ಫ್ಲೋ ಅದನ್ನು ತಾನಾಗಿ ತುಂಬುವುದೇ ಇಲ್ಲ. ಆಗ ಹೀಗೆ ಹುಡುಕಿ:

```
project = CUST AND fixVersion = "M3" AND status changed to "Done" during ("2025-02-10", "2025-03-02")
```

ಇಲ್ಲಿ ಮುಗಿಸಿ ಮತ್ತೆ ತೆರೆದ ಟಿಕೆಟ್‌ಗಳೂ ಸೇರಿಬಿಡುತ್ತವೆ, ಒಮ್ಮೆ ಕಣ್ಣಾಡಿಸಿ ತೆಗೆದುಹಾಕಿ. ನಿಮ್ಮಲ್ಲಿ ಮುಗಿದ ಸ್ಥಿತಿಗೆ Done ಬದಲು ಬೇರೆ ಹೆಸರಿದ್ದರೆ ಅದನ್ನೇ ಹಾಕಿ.

ಮೇಲ್ ಜೊತೆ ಬರಿಯ ಲಿಂಕ್ ಕಳಿಸುವುದು ಸಾಮಾನ್ಯ ಎಡವಟ್ಟು. ಕ್ಲೈಂಟ್ ಎರಡು ದಿನ ಬಿಟ್ಟು ತೆರೆಯುವ ಹೊತ್ತಿಗೆ ಎರಡು ಟಿಕೆಟ್ ಮುಗಿದಿರುತ್ತವೆ. ಮೇಲ್‌ನಲ್ಲಿ 15, ಪರದೆಯಲ್ಲಿ 13. ಅದನ್ನು ವಿವರಿಸಲು ಮತ್ತೊಂದು ಮೇಲ್. ಆದ್ದರಿಂದ ಪಟ್ಟಿಯನ್ನು ಸಿಎಸ್‌ವಿ ಅಥವಾ ಪಿಡಿಎಫ್ ಆಗಿ ತೆಗೆದು, ಕಡತದ ಹೆಸರಲ್ಲೇ ದಿನಾಂಕ ಮತ್ತು ಸಮಯ ಇಟ್ಟು ಲಗತ್ತಿಸಿ. ಲಿಂಕ್ ಅದರ ಜೊತೆಗಿರಲಿ, ಈಗಿನ ಸ್ಥಿತಿ ನೋಡಬೇಕೆನ್ನುವವರಿಗೆ.

ಕಾಲಂಗಳು ಐದು ಸಾಕು: ಟಿಕೆಟ್ ಸಂಖ್ಯೆ, ಶೀರ್ಷಿಕೆ, ಸ್ಥಿತಿ, ಸೃಷ್ಟಿಯಾದ ದಿನ, ಮುಗಿದ ದಿನ. ಎಲ್ಲಾ ಕಾಲಂ ಸಮೇತ ಎಕ್ಸ್‌ಪೋರ್ಟ್ ಮಾಡಿದರೆ ಒಳಗಿನ ಕಾಮೆಂಟುಗಳು, ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಎಂಬ ವಿವರಗಳು ಹೊರಗೆ ಹೋಗುತ್ತವೆ. "ಈ ಡೇಟಾ ಕಸ" ಎಂದು ಸಹೋದ್ಯೋಗಿ ಬರೆದ ಕಾಮೆಂಟು ಕ್ಲೈಂಟ್ ಕಣ್ಣಿಗೆ ಬಿದ್ದರೆ ಆ ಮೇಲ್‌ನ ಬೇರೆ ಯಾವ ವಾಕ್ಯವೂ ಅವರಿಗೆ ನೆನಪಿರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕಳಿಸುವ ಮುಂಚೆ ಟ್ರ್ಯಾಕರ್ "ಚಂದ" ಮಾಡಲು ಹೋಗಿ ಹಳೆಯ ಟಿಕೆಟ್‌ಗಳ ಗಡುವು, ಸ್ಥಿತಿ ಬದಲಿಸಬೇಡಿ. ಯಾರು ಯಾವಾಗ ಏನು ಬದಲಿಸಿದರು ಎನ್ನುವುದು `History` ಭಾಗದಲ್ಲಿ ಉಳಿದಿರುತ್ತದೆ. ಮೇಲ್ ಹೋಗುವ ಹಿಂದಿನ ರಾತ್ರಿ ಹನ್ನೆರಡು ಟಿಕೆಟ್‌ಗಳ ಗಡುವು ಒಟ್ಟಿಗೆ ಬದಲಾಗಿದ್ದರೆ ಪುರಾವೆಯೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಮೈಲ್‌ಸ್ಟೋನ್‌ನ ಗಡುವನ್ನೂ ಕ್ಲೈಂಟ್ ಒಪ್ಪಿದ ಮೇಲೆಯೇ ತಿದ್ದಿ.

## 3. ಹೊಸ ಯೋಜನೆ

ಎಲ್ಲಾ ದಿನಾಂಕಗಳನ್ನೂ ಎರಡೆರಡು ವಾರ ಮುಂದೂಡಿದ ಪಟ್ಟಿಗೆ ಯೋಜನೆ ಎನ್ನಲಾಗದು. ಯಾವ ಕೆಲಸ ತಡೆದು ನಿಂತ ಕೆಲಸಕ್ಕೆ ಅಂಟಿಕೊಂಡಿದೆ, ಯಾವುದು ಇಲ್ಲ ಎಂದು ಬಿಡಿಸಿ ನೋಡಿ. ನಮ್ಮ ಉದಾಹರಣೆಯಲ್ಲಿ ಉತ್ಪನ್ನಗಳ ಪಟ್ಟಿ ಮತ್ತು ದರ ನಿಗದಿಯ ಪರೀಕ್ಷೆಗೆ ಗ್ರಾಹಕರ ದಾಖಲೆ ಬೇಕಿಲ್ಲ. ಅದು ಒಂದು ವಾರದ ಕೆಲಸ, ಮೊದಲಿನಂತೆ ಮಾರ್ಚ್ 17ಕ್ಕೇ ಶುರುವಾಗಬಹುದು. ಉಳಿದ ಎರಡು ವಾರದ ಪರೀಕ್ಷೆ ಮಾತ್ರ ವರ್ಗಾವಣೆ ಮುಗಿಯುವವರೆಗೆ ಕಾಯಬೇಕು.

| ಹಂತ | ಮೊದಲಿದ್ದದ್ದು | ಈಗ |
|---|---|---|
| ಬಾಕಿ ಟಿಕೆಟ್‌ಗಳು | ಮಾರ್ಚ್ 7ರವರೆಗೆ | ಮಾರ್ಚ್ 21ರವರೆಗೆ |
| ಕೊನೆಯ ಟ್ರಯಲ್ ಲೋಡ್, ಮೈಲ್‌ಸ್ಟೋನ್ 3 | ಮಾರ್ಚ್ 10–14 | ಮಾರ್ಚ್ 24–28 |
| ಯುಎಟಿ ಭಾಗ 1 (ಉತ್ಪನ್ನ, ದರ) | ಮಾರ್ಚ್ 17–21 | ಮಾರ್ಚ್ 17–21 |
| ಯುಎಟಿ ಭಾಗ 2 (ಗ್ರಾಹಕ, ಆರ್ಡರ್) | ಮಾರ್ಚ್ 24–ಏಪ್ರಿಲ್ 4 | ಮಾರ್ಚ್ 31–ಏಪ್ರಿಲ್ 11 |
| ದೋಷ ತಿದ್ದುಪಡಿ | ಏಪ್ರಿಲ್ 7–18 | ಏಪ್ರಿಲ್ 14–18 |
| ಗೋ-ಲೈವ್ | ಏಪ್ರಿಲ್ 21 | ಏಪ್ರಿಲ್ 21 |

ಹಳೆಯ ದಿನಾಂಕದ ಕಾಲಂ ಅಳಿಸಬೇಡಿ. ಎರಡೂ ಅಕ್ಕಪಕ್ಕ ಇದ್ದರೆ ಓದುವವರು ಹಳೆಯ ಮೇಲ್ ಹುಡುಕುವ ಕಷ್ಟ ತಪ್ಪುತ್ತದೆ, ನೀವು ಏನನ್ನೂ ಅಡಗಿಸಿಲ್ಲ ಎಂಬುದೂ ಗೊತ್ತಾಗುತ್ತದೆ.

ಈ ಪಟ್ಟಿ ನೋಡಿ "ಗೋ-ಲೈವ್‌ಗೆ ಏನೂ ತೊಂದರೆ ಇಲ್ಲ" ಎಂದು ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ತಿದ್ದುಪಡಿಗೆ ಹತ್ತು ಕೆಲಸದ ದಿನಗಳಿದ್ದವು, ಈಗ ಐದು. ಬಫರ್, ಅಂದರೆ ಅಡಚಣೆ ಬಂದರೆ ಇರಲಿ ಎಂದು ಯೋಜನೆಯಲ್ಲಿ ಬಿಟ್ಟಿದ್ದ ಬಿಡುವು, ಅರ್ಧ ಖರ್ಚಾಗಿದೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಯುಎಟಿ ಮುಂದಕ್ಕೆ ಹೋದರೆ ಪರೀಕ್ಷೆಗೆಂದು ಬಿಡುವು ಮಾಡಿಕೊಂಡ ಕ್ಲೈಂಟ್ ಸಿಬ್ಬಂದಿಯ ವೇಳಾಪಟ್ಟಿಯೂ ಅಲುಗುತ್ತದೆ. ಇಲ್ಲಿ ಅವರು ಮಾರ್ಚ್ 24ರ ವಾರ ಖಾಲಿ ಕೂರಬೇಕು, ಏಪ್ರಿಲ್ 7ರ ವಾರ ಹೆಚ್ಚುವರಿಯಾಗಿ ಬೇಕು. ಅದನ್ನು ನೀವಾಗಿಯೇ ಹೇಳಿ, ಕೇಳಿಕೊಳ್ಳಿ.

## 4. ಒಪ್ಪಂದ ನೋಡಿ, ಫೋನ್ ಮಾಡಿ

ತಡವನ್ನು ಎಷ್ಟು ದಿನದೊಳಗೆ, ಯಾರಿಗೆ, ಯಾವ ರೂಪದಲ್ಲಿ ತಿಳಿಸಬೇಕು ಎಂಬುದು ಎಷ್ಟೋ ಒಪ್ಪಂದಗಳಲ್ಲಿ ಬರೆದಿರುತ್ತದೆ. ತಡಕ್ಕೆ ದಂಡವಿದ್ದರೆ ಮೇಲ್‌ನ ಕರಡನ್ನು ನಿಮ್ಮಲ್ಲಿ ಒಪ್ಪಂದ ನೋಡಿಕೊಳ್ಳುವವರಿಗೆ ಒಮ್ಮೆ ತೋರಿಸಿ. ಹೆಚ್ಚುವರಿ ಕೆಲಸಕ್ಕೆ ಹಣ ಕೇಳುವುದಿದ್ದರೆ ಅದು ಬೇರೆ ಪತ್ರ, ಬೇರೆ ದಿನ. ತಡದ ಸುದ್ದಿಯ ಜೊತೆಗೇ ಹಣದ ಮಾತು ತೆಗೆದರೆ ಎರಡೂ ಕೆಡುತ್ತವೆ.

ಕ್ಲೈಂಟ್‌ನ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಮೊದಲು ಫೋನಿನಲ್ಲಿ ಹೇಳಿ, ಅದೇ ದಿನ ಮೇಲ್ ಕಳಿಸಿ. ಅವರು ತಮ್ಮ ಮೇಲಧಿಕಾರಿಗೆ ಮುನ್ಸೂಚನೆ ಕೊಡಲು ಒಂದೆರಡು ಗಂಟೆ ಸಿಗುತ್ತದೆ. ಅವರ ಬಾಸ್‌ಗೂ ಅವರಿಗೂ ಒಟ್ಟಿಗೆ ಮೇಲ್ ಹೋದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ.

## 5. ಮೇಲ್

ಈ ಮೇಲ್ ಫಾರ್ವರ್ಡ್ ಆಗುತ್ತಾ ಹೋಗುತ್ತದೆ. ಪ್ರಾಜೆಕ್ಟ್‌ನ ಹಿನ್ನೆಲೆ ಗೊತ್ತಿಲ್ಲದ ಯಾರೋ ಅದನ್ನು ಮೊಬೈಲಿನಲ್ಲಿ ಓದುತ್ತಾರೆ. ವಿಷಯದ ಸಾಲು ಮತ್ತು ಮೊದಲ ಪ್ಯಾರಾ ಅವರಿಗಾಗಿ. ನಿಮ್ಮ ಪತ್ರವ್ಯವಹಾರ ಇಂಗ್ಲಿಷಿನಲ್ಲಿದ್ದರೂ ಇದೇ ಕ್ರಮ ಇಟ್ಟುಕೊಳ್ಳಿ.

> ವಿಷಯ: ಮೈಲ್‌ಸ್ಟೋನ್ 3 (ಗ್ರಾಹಕ ಡೇಟಾ): ಮಾರ್ಚ್ 14ರ ಬದಲು ಮಾರ್ಚ್ 28. ಮಾರ್ಚ್ 7ರೊಳಗೆ ನಿಮ್ಮ ತೀರ್ಮಾನ ಬೇಕು
>
> ಮೇಡಂ, ನಮಸ್ಕಾರ.
>
> ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ ಮೈಲ್‌ಸ್ಟೋನ್ 3 ಮಾರ್ಚ್ 14, ಶುಕ್ರವಾರಕ್ಕೆ ಮುಗಿಯುವುದಿಲ್ಲ. ಹೊಸ ದಿನಾಂಕ ಮಾರ್ಚ್ 28, ಶುಕ್ರವಾರ. ಏಪ್ರಿಲ್ 21ರ ಗೋ-ಲೈವ್ ಸದ್ಯಕ್ಕೆ ಹಾಗೇ ಇದೆ, ಆದರೆ ದೋಷ ತಿದ್ದಲು ಇದ್ದ ಎರಡು ವಾರ ಒಂದು ವಾರಕ್ಕೆ ಇಳಿದಿದೆ. ಇದರಿಂದ ನಿಮಗಾಗುವ ತೊಂದರೆಗೆ ಕ್ಷಮೆ ಕೋರುತ್ತೇವೆ.
>
> ಏನಾಯಿತು: ಫೆಬ್ರವರಿ 26ರಂದು ಎಲ್ಲಾ 62,000 ದಾಖಲೆಗಳ ಟ್ರಯಲ್ ಲೋಡ್ ಮಾಡಿದಾಗ 1,840 ಜೋಡಿ ದಾಖಲೆಗಳಲ್ಲಿ ಒಂದೇ ಫೋನ್ ನಂಬರ್ ಇರುವುದು ಕಂಡುಬಂತು. ಮೊದಲ ಟ್ರಯಲ್‌ಗೆ ನಾವು ಇತ್ತೀಚಿನ 5,000 ದಾಖಲೆಗಳನ್ನು ಮಾತ್ರ ಬಳಸಿದ್ದರಿಂದ, ಹಳೆಯ ದಾಖಲೆಗಳಲ್ಲಿದ್ದ ಈ ಸಮಸ್ಯೆ ಆಗ ಕಾಣಲಿಲ್ಲ. ಇನ್ನು ಮುಂದೆ ಪ್ರತಿ ಟ್ರಯಲ್ ಪೂರ್ತಿ ಡೇಟಾದ ಮೇಲೆ ನಡೆಯುತ್ತದೆ.
>
> ಈಗಿನ ಸ್ಥಿತಿ (ಮಾರ್ಚ್ 3, ಬೆಳಿಗ್ಗೆ 10): ಮೊದಲ ಯೋಜನೆಯ 36 ಟಿಕೆಟ್‌ಗಳಲ್ಲಿ 31 ಮುಗಿದಿವೆ. ಉಳಿದ 5, ಹೊಸ 10 ಸೇರಿ ಬಾಕಿ 15. ಕಳೆದ ಮೂರು ವಾರಗಳಲ್ಲಿ ವಾರಕ್ಕೆ ಸರಾಸರಿ 5 ಮುಗಿದಿವೆ. ಮೂರು ವಾರ ಕೆಲಸ, ಒಂದು ವಾರ ಕೊನೆಯ ಟ್ರಯಲ್ ಎಂದು ಮಾರ್ಚ್ 28 ಲೆಕ್ಕ ಹಾಕಿದ್ದೇವೆ. ಪಟ್ಟಿ ಲಗತ್ತಿಸಿದೆ.
>
> ಹೊಸ ಯೋಜನೆ: (ಪಟ್ಟಿ)
>
> ನಿಮ್ಮಿಂದ ಬೇಕಾದದ್ದು:
> 1. ಜೋಡಿಯಲ್ಲಿ ಕೊನೆಯ ಆರ್ಡರ್ ಯಾವುದಕ್ಕಿದೆಯೋ ಆ ದಾಖಲೆ ಉಳಿಸಿಕೊಳ್ಳುವ ನಿಯಮಕ್ಕೆ ಒಪ್ಪಿಗೆ, ಮಾರ್ಚ್ 7ರೊಳಗೆ. ಇದರಿಂದ 1,630 ಜೋಡಿ ಬಗೆಹರಿಯುತ್ತವೆ.
> 2. ನಿಯಮಕ್ಕೆ ಸಿಗದ 210 ಜೋಡಿಗಳನ್ನು ನಿಮ್ಮ ಗ್ರಾಹಕ ಸೇವೆಯವರು ನೋಡಿ ಸರಿಯಾದದ್ದನ್ನು ಗುರುತಿಸುವುದು, ಮಾರ್ಚ್ 14ರೊಳಗೆ. ಹಾಳೆ ಸಿದ್ಧವಿದೆ.
> 3. ಯುಎಟಿ ಭಾಗ 2ಕ್ಕೆ ನಿಮ್ಮ ಪರೀಕ್ಷಕರು ಮಾರ್ಚ್ 24ರ ವಾರದ ಬದಲು ಏಪ್ರಿಲ್ 7ರ ವಾರ ಸಿಗುವರೇ ಎಂಬುದು.
>
> ಗಮನಿಸಬೇಕಾದ ಅಪಾಯ: 1 ಮತ್ತು 2 ತಡವಾದರೆ ಮಾರ್ಚ್ 28 ಅಷ್ಟೇ ದಿನ ಮುಂದಕ್ಕೆ ಹೋಗಬಹುದು. ಮಾರ್ಚ್ 14ರ ಸಂಜೆಗೆ ಬಾಕಿ ಟಿಕೆಟ್‌ಗಳು ಐದಕ್ಕಿಂತ ಹೆಚ್ಚಿದ್ದರೆ, ಹಳೆಯ ಟಿಪ್ಪಣಿಗಳ ಮೂರು ಟಿಕೆಟ್‌ಗಳನ್ನು ಗೋ-ಲೈವ್ ನಂತರಕ್ಕೆ ಬಿಡಲು ನಿಮ್ಮ ಒಪ್ಪಿಗೆ ಕೇಳುತ್ತೇವೆ. ಗೋ-ಲೈವ್ ಬಗ್ಗೆ ಏಪ್ರಿಲ್ 11ರಂದು ಒಟ್ಟಿಗೆ ಕುಳಿತು ತೀರ್ಮಾನಿಸೋಣ.
>
> ಪ್ರತಿ ಶುಕ್ರವಾರ ಸಂಜೆ ಬಾಕಿ ಸಂಖ್ಯೆ ಕಳಿಸುತ್ತೇವೆ.

ಈ ಕರಡಿನಲ್ಲಿ ಎರಡು ಕಡೆ ಕೈ ಜಾರುವುದುಂಟು. ಮೊದಲನೆಯದು ಕಾರಣದ ಪ್ಯಾರಾ. "ನಿಮ್ಮ ಡೇಟಾ ಸರಿ ಇರಲಿಲ್ಲ" ಎಂದು ಬರೆದರೆ ಅದು ಸುಳ್ಳೇನಲ್ಲ, ಆದರೆ "ಮೊದಲೇ ಯಾಕೆ ನೋಡಲಿಲ್ಲ?" ಎಂಬ ಉತ್ತರ ತಪ್ಪಿದ್ದಲ್ಲ. ಆ ಪ್ರಶ್ನೆಗೆ ಉತ್ತರ ಮೇಲ್‌ನಲ್ಲೇ ಇದ್ದರೆ ಅದು ಹುಟ್ಟುವುದೇ ಇಲ್ಲ. ಎರಡನೆಯದು ದಿನಾಂಕ. "ಸುಮಾರು ಹದಿನೈದು ದಿನ", "ತಿಂಗಳ ಕೊನೆಗೆ" ಎಂದು ಬರೆದರೆ ಒಬ್ಬರು 28 ಎಂದುಕೊಳ್ಳುತ್ತಾರೆ, ಇನ್ನೊಬ್ಬರು 31. ತಾರೀಖು ಮತ್ತು ವಾರದ ದಿನ ಎರಡೂ ಇರಲಿ.

## 6. ಉತ್ತರ ಬಂದಾಗ

"ಇನ್ನಿಬ್ಬರನ್ನು ಹಾಕಿ 21ಕ್ಕೆ ಮುಗಿಸಿ" ಎಂದು ಕ್ಲೈಂಟ್ ಕೇಳುವ ಸಾಧ್ಯತೆ ಹೆಚ್ಚು. ಫೋನಿನಲ್ಲಿಯೇ ಹೂಂ ಅನ್ನಬೇಡಿ. ಹೊಸಬರು ದಾಖಲೆಗಳ ರಚನೆ ಅರ್ಥ ಮಾಡಿಕೊಳ್ಳುವಷ್ಟು ದಿನ ಹಳಬರ ಸಮಯವನ್ನೂ ತಿನ್ನುತ್ತಾರೆ. ಮೂರು ವಾರದ ಕೆಲಸದಲ್ಲಿ ಆ ನಷ್ಟ ತುಂಬಿಬರುವುದು ಕಷ್ಟ. ಬೇಗ ಮುಗಿಯಲೇಬೇಕೆಂದರೆ ಕೆಲಸ ಕಡಿಮೆ ಮಾಡುವ ದಾರಿ ಕೊಡಿ. ಐದು ಟಿಕೆಟ್ ಬಿಟ್ಟರೆ ಒಂದು ವಾರ ಉಳಿಯುತ್ತದೆ. ಯಾವ ಐದು ಎಂಬುದನ್ನು ಅವರೇ ಪಟ್ಟಿಯಿಂದ ಆರಿಸಲಿ. ಟ್ರಯಲ್ ಲೋಡ್ ವಾರವನ್ನು ಮಾತ್ರ ಬಿಟ್ಟುಕೊಡಬೇಡಿ, ಈ ತೊಂದರೆ ಹೊರಬಂದದ್ದೇ ಅಂಥ ಒಂದು ಟ್ರಯಲ್‌ನಿಂದ.

ಫೋನಿನಲ್ಲಿ ಒಪ್ಪಿಗೆ ಸಿಕ್ಕರೆ ಎರಡು ಸಾಲಿನ ಮೇಲ್‌ನಲ್ಲಿ ಅದನ್ನು ಬರೆದು ಕಳಿಸಿ, ಆಮೇಲೆ ಟ್ರ್ಯಾಕರ್‌ನಲ್ಲಿ ಮೈಲ್‌ಸ್ಟೋನ್ ಗಡುವು ಬದಲಿಸಿ, ಬದಲಿಸಿದ ಕಾರಣವಾಗಿ ಆ ಮೇಲ್‌ನ ದಿನಾಂಕ ನಮೂದಿಸಿ.

ಶುಕ್ರವಾರದ ವರದಿಗೆ ಒಂದೇ ಸಾಲು ಸಾಕು: ಮಾರ್ಚ್ 7ಕ್ಕೆ ಬಾಕಿ 10 ಇರಬೇಕು, 14ಕ್ಕೆ 5, 21ಕ್ಕೆ ಸೊನ್ನೆ. ನಿರೀಕ್ಷಿಸಿದ್ದು, ಆದದ್ದು ಎರಡನ್ನೂ ಬರೆಯಿರಿ. 7ರಂದು 11 ಇದ್ದರೆ ಆ ಸಾಲಿನ ಪಕ್ಕದಲ್ಲೇ ಕಾರಣ ಹೇಳಿದರಾಯಿತು. 14ರಂದು 7 ಇದ್ದರೆ ವೇಗ ವಾರಕ್ಕೆ ನಾಲ್ಕಕ್ಕೆ ಇಳಿದಿದೆ ಎಂದರ್ಥ. ಮೂರು ಟಿಕೆಟ್ ಬಿಡುವ ಮಾತನ್ನು ಅವತ್ತೇ ಎತ್ತಿ, ಮುಂದಿನ ಶುಕ್ರವಾರಕ್ಕೆ ಕಾಯಬೇಡಿ.